ಅಡುಗೆ ವಿಡಿಯೋದ ಥಂಬ್‌ನೇಲ್‌ಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿದ್ದುಕೊಂಡು ನಮ್ಮ ಅತ್ತಿಗೆಯ ಯೂಟ್ಯೂಬ್ ಅಡುಗೆ ಚಾನೆಲ್‌ಗೂ ಚಿಕ್ಕಮಗಳೂರು ಕಡೆಯ ಸ್ನೇಹಿತರೊಬ್ಬರ ಚಾನೆಲ್‌ಗೂ ಥಂಬ್‌ನೇಲ್, ಅಂದರೆ ವಿಡಿಯೋ ತೆರೆಯುವ ಮುನ್ನ ಪಟ್ಟಿಯಲ್ಲಿ ಕಾಣುವ ಚಿತ್ರ, ಮಾಡಿಕೊಡುತ್ತೇನೆ. ಪರಿಚಯದವರು ಸಿಕ್ಕಾಗಲೂ ಪತ್ರ ಬರೆದಾಗಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ಕೆಳಗೆ ಉತ್ತರಿಸಿದ್ದೇನೆ.

## ಮೊದಲ ಪ್ರಶ್ನೆಗಳು

ನಾಲ್ಕು ಚಿತ್ರ ಮಾಡಿಟ್ಟಿದ್ದೀನಿ, ಮನೇಲಿ ಒಬ್ಬೊಬ್ಬರು ಒಂದೊಂದು ಚೆನ್ನಾಗಿದೆ ಅಂತಾರೆ. ಯಾವುದನ್ನ ಹಾಕ್ಲಿ?

ಚೆನ್ನಾಗಿದೆಯೇ ಎಂದು ಕೇಳಿದರೆ ಮನೆಯವರು ತಮಗಿಷ್ಟವಾದ ಊಟವನ್ನು ಹೇಳುತ್ತಾರೆ, ಚಿತ್ರವನ್ನು ಅಳೆಯುವುದಿಲ್ಲ. ಹಲವರು ಓದಲು ಸಿಗುವುದಕ್ಕೆ 10, ಬಣ್ಣದ ಎದ್ದುಕಾಣುವಿಕೆಗೆ 10, ಕುತೂಹಲಕ್ಕೆ 10 ಎಂದು ಅಂಕ ಕೊಟ್ಟು ಕೂಡಿಸುತ್ತಾರೆ. ನಾನೂ ಕೆಲವು ಕಾಲ ಹಾಗೆಯೇ ಮಾಡಿ, ಕೂಡಿಸುವುದೇ ತಪ್ಪೆಂದು ತಿಳಿದ ಮೇಲೆ ಬಿಟ್ಟೆ. ಒಂದು ಚಿತ್ರದಲ್ಲಿ ಅಕ್ಷರವೇ ಕಾಣದಿದ್ದರೂ ಕುತೂಹಲಕ್ಕೆ ಪೂರ್ತಿ ಅಂಕ ಸಿಕ್ಕರೆ ಅದು ಪಟ್ಟಿಯಲ್ಲಿ ಮೇಲೇರಿ ಕೂರುತ್ತದೆ. ಆದರೆ ಅಕ್ಷರ ಕಾಣದ ಮೇಲೆ ಆ ಕುತೂಹಲ ನೋಡುಗರನ್ನು ತಲುಪುವುದೇ ಇಲ್ಲ.

ಆದ್ದರಿಂದ ಈಗ ಜರಡಿ ಹಿಡಿದಂತೆ ಆರಿಸುತ್ತೇನೆ. ಚಿತ್ರ ಹೇಳುವ ಮಾತು ವಿಡಿಯೋದಲ್ಲಿ ನಿಜವಾಗಿಯೂ ಇದೆಯೇ ಎಂಬುದು ಮೊದಲನೆಯ ಜರಡಿ, ಮತ್ತು ಇಲ್ಲಿ ಅಂಕವಿಲ್ಲ, ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಇದೆ. ಉಳಿದವುಗಳನ್ನು ಅಂಗೈಯಷ್ಟಕ್ಕಿಂತಲೂ ಚಿಕ್ಕದಾಗಿಸಿ ಓದಿಸುತ್ತೇನೆ, ಓದಲಾಗದ್ದು ತಿದ್ದುಪಡಿಗೆ ಹೋಗುತ್ತದೆ. ಬಳಿಕ ಬಣ್ಣವನ್ನೆಲ್ಲ ತೆಗೆದು ಕಪ್ಪು ಬಿಳುಪಿನಲ್ಲಿ ನೋಡುತ್ತೇನೆ, ಪದಾರ್ಥವೂ ಅಕ್ಷರವೂ ಹಿನ್ನೆಲೆಯಲ್ಲಿ ಕರಗಿಹೋದರೆ ಅದನ್ನೂ ಬದಿಗಿಡುತ್ತೇನೆ. ಈ ಮೂರನ್ನೂ ದಾಟಿದವುಗಳ ನಡುವೆ ಮಾತ್ರ ಕುತೂಹಲದ ಮೇಲೆ ಕ್ರಮಾಂಕ ಕೊಡುತ್ತೇನೆ.

ಕಂಪ್ಯೂಟರ್‌ನಲ್ಲಿ ಮಾಡುವಾಗ ಚೆನ್ನಾಗಿರುತ್ತೆ, ಮೊಬೈಲ್‌ನಲ್ಲಿ ನೋಡಿದ್ರೆ ಅಕ್ಷರ ಓದೋಕೇ ಆಗಲ್ಲ. ಎಷ್ಟು ದೊಡ್ಡದಿರಬೇಕು?

ನಾವು ಚಿತ್ರ ಮಾಡುವುದು 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರದಲ್ಲಿ. ಅದೇ ಚಿತ್ರ ಕಂಪ್ಯೂಟರಿನಲ್ಲಿ ಬೇರೊಂದು ವಿಡಿಯೋದ ಪಕ್ಕದ ಪಟ್ಟಿಯಲ್ಲಿ ಬರುವಾಗ ಸುಮಾರು 168 ಪಿಕ್ಸೆಲ್ ಅಗಲಕ್ಕೆ ಇಳಿಯುತ್ತದೆ, ಅಂದರೆ ಏಳೂವರೆ ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. ಫೋನಿನ ಪಟ್ಟಿಗಳಲ್ಲೂ ಹಲವು ಕಡೆ ಅದು ಹೆಬ್ಬೆರಳಿನಷ್ಟೇ ಅಗಲವಿರುತ್ತದೆ. ನೀವು ಇಟ್ಟ ಅಕ್ಷರ 60 ಪಿಕ್ಸೆಲ್ ಎತ್ತರವಿದ್ದರೆ ಅಲ್ಲಿ ಉಳಿಯುವುದು 8 ಪಿಕ್ಸೆಲ್. ಅಷ್ಟರಲ್ಲಿ ಇಂಗ್ಲಿಷಿನ ದೊಡ್ಡಕ್ಷರವನ್ನು ಹೇಗೋ ಗುರುತಿಸಬಹುದು, ಕನ್ನಡದ ಅಕ್ಷರವನ್ನು ಗುರುತಿಸುವುದು ಕಷ್ಟ.

ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು ಇರುವುದರಿಂದ ಸಾಫ್ಟ್‌ವೇರ್‌ನಲ್ಲಿ ತೋರಿಸುವ ಫಾಂಟ್ ಅಳತೆಯ ಬಹುಭಾಗ ಇವಕ್ಕೇ ಮೀಸಲಾಗಿ, ಅಕ್ಷರದ ಮೈಗೆ ಸಿಗುವ ಜಾಗ ಕಡಿಮೆಯಾಗುತ್ತದೆ. ಹಾಗಾಗಿ ಫಾಂಟ್ ಸಂಖ್ಯೆಯನ್ನು ನಂಬದೆ, ಒತ್ತು ಬಿಟ್ಟು ಅಕ್ಷರದ ಮೈಯನ್ನೇ ಅಳೆಯಿರಿ. ಅದು ಚಿತ್ರದ ಎತ್ತರದ ಐದನೇ ಒಂದು ಭಾಗ, ಅಂದರೆ 140 ಪಿಕ್ಸೆಲ್ ಆಸುಪಾಸು ಇದ್ದರೆ ಕುಗ್ಗಿದ ಮೇಲೂ 18 ಪಿಕ್ಸೆಲ್ ಉಳಿಯುತ್ತದೆ. ಈ ಗಾತ್ರದಲ್ಲಿ ಎರಡು ಸಾಲು ಬರೆದರೆ ಅರ್ಧಕ್ಕಿಂತ ಹೆಚ್ಚು ಚಿತ್ರ ಅಕ್ಷರಕ್ಕೇ ಹೋಗುವುದರಿಂದ, ಎರಡು ಅಥವಾ ಮೂರು ಪದಕ್ಕಿಂತ ಹೆಚ್ಚು ಬರೆಯಲು ಜಾಗವೇ ಇರುವುದಿಲ್ಲ. ಅಡುಗೆಯ ಪೂರ್ತಿ ಹೆಸರು ವಿಡಿಯೋದ ಶೀರ್ಷಿಕೆಯಲ್ಲಿ ಹೇಗೂ ಇರುತ್ತದೆ.

ಫಾಂಟ್ ಆರಿಸುವಾಗ ದಪ್ಪವಿದ್ದರೂ ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚದಂಥದ್ದನ್ನು ನೋಡಿ. ನಾನು Baloo Tamma 2 ಅಥವಾ Anek Kannada ಬಳಸುತ್ತೇನೆ, ಎರಡೂ ಉಚಿತ. ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಬಳಿಯುವ ಅಭ್ಯಾಸವೇ ಕನ್ನಡದಲ್ಲಿ ಹೆಚ್ಚು ಹಾಳು ಮಾಡುವುದು, ಏಕೆಂದರೆ ಆ ಅಂಚು ಒಳಗೂ ಹರಡಿಕೊಂಡು ವ, ಪ, ಷ ಮೂರೂ ಒಂದೇ ಉಂಡೆಯಾಗುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ನಡುವೆ ಅಂತರವನ್ನೂ ಬಿಡಬೇಕು.

ಕೆಳಗಡೆ ಬಲಕ್ಕೆ ಅಡುಗೆ ಹೆಸರು ಬರೆದಿದ್ದೆ, ಹಾಕಿದ ಮೇಲೆ ಅರ್ಧ ಮುಚ್ಚಿಹೋಗಿದೆ. ಯಾಕೆ?

ಕೆಳಗಿನ ಬಲ ಮೂಲೆಯಲ್ಲಿ ವಿಡಿಯೋದ ಅವಧಿ ತೋರಿಸುವ ಕಪ್ಪು ಪಟ್ಟಿ ಬರುತ್ತದೆ, ಅರ್ಧ ನೋಡಿದವರಿಗೆ ತಳದಂಚಿನಲ್ಲಿ ಕೆಂಪು ಗೆರೆಯೂ ಬರುತ್ತದೆ. ಆ ಮೂಲೆಯನ್ನು ಖಾಲಿ ಬಿಟ್ಟು, ಅಕ್ಷರವನ್ನು ಎಡಕ್ಕೆ ಅಥವಾ ಮೇಲಕ್ಕೆ ಇಡಿ.

## ಬಣ್ಣ ಮತ್ತು ಬೆಳಕು

ರಾಗಿ ಮುದ್ದೆ ಕಂದು, ಸಾರೂ ಕಂದು. ಏನ್ ಮಾಡಿದ್ರೂ ಚಿತ್ರ ಮಂಕಾಗೇ ಕಾಣುತ್ತೆ. ಕೆಂಪಕ್ಷರ ಹಾಕಿದ್ರೂ ಎದ್ದು ಕಾಣಲ್ಲ.

ಎದ್ದು ಕಾಣುವುದು ಬಣ್ಣದಿಂದ ಎಂದು ನಾವು ತಿಳಿದಿದ್ದರೂ ಓದುವ ಕಣ್ಣಿಗೆ ಮುಖ್ಯವಾಗುವುದು ಹೊಳಪಿನ ವ್ಯತ್ಯಾಸ. ಅಚ್ಚ ಕೆಂಪು ಕಣ್ಣಿಗೆ ಹೊಡೆಯುವ ಬಣ್ಣವಾದರೂ ಅದರ ಹೊಳಪು ಕಡಿಮೆ, ಮುದ್ದೆಯ ಹೊಳಪೂ ಕಡಿಮೆ. ಜಾಲತಾಣಗಳನ್ನು ಎಲ್ಲರೂ ಓದುವಂತಿರಬೇಕೆಂದು ರೂಪಿಸಿರುವ WCAG ನಿಯಮಗಳಲ್ಲಿ ಇದಕ್ಕೊಂದು ಅಳತೆಯಿದೆ. ಒಂದೇ ಬಣ್ಣವನ್ನು ಅದರ ಮೇಲೇ ಇಟ್ಟರೆ 1, ಕಪ್ಪಿನ ಮೇಲೆ ಬಿಳಿ ಇಟ್ಟರೆ 21, ಮತ್ತು ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕು ಎಂಬುದು ಆ ನಿಯಮ. ನಮ್ಮ ಒಂದು ಚಿತ್ರದಲ್ಲಿ ಮುದ್ದೆಯ ಬಣ್ಣದ ಸಂಕೇತ `#5A3A2E` ಎಂದು ಬಂದಿತ್ತು. ಅದರ ಮೇಲೆ ಅಚ್ಚ ಕೆಂಪಕ್ಷರಕ್ಕೆ ಸಿಗುವುದು ಸುಮಾರು 2.5 ಮಾತ್ರ, ಹಳದಿಗೆ 9.4, ಬಿಳಿಗೆ 10. ಈ ಲೆಕ್ಕವನ್ನು ಮಾಡಿಕೊಡುವ ಪುಟಗಳು ಜಾಲದಲ್ಲಿ ಬೇಕಾದಷ್ಟಿವೆ, ಎರಡು ಬಣ್ಣದ ಸಂಕೇತ ಕೊಟ್ಟರೆ ಸಾಕು.

ಆದರೆ ಅಕ್ಷರ ಸರಿಹೋದ ಮಾತ್ರಕ್ಕೆ ಪದಾರ್ಥದ ಮಂಕು ಹೋಗುವುದಿಲ್ಲ, ಮತ್ತು ಅದನ್ನು ಫೋಟೊ ತೆಗೆಯುವಾಗಲೇ ಸರಿಪಡಿಸಬೇಕು. ಮುದ್ದೆಯನ್ನು ಸಾರಿನೊಳಗೆ ಕೂರಿಸಬೇಡಿ. ಬಾಳೆ ಎಲೆಯ ತಿಳಿಹಸಿರು ಭಾಗದ ಮೇಲೆ ಮುದ್ದೆ ಇಟ್ಟು, ಸಾರನ್ನು ಪಕ್ಕದ ಬಟ್ಟಲಿಗೆ ಹಾಕಿ. ಸ್ಟೀಲ್ ತಟ್ಟೆ ಸುತ್ತಲಿನದೆಲ್ಲವನ್ನೂ ಪ್ರತಿಫಲಿಸಿ ತಾನೂ ಬೂದು ಕಂದಾಗುತ್ತದೆ. ಮುದ್ದೆಗೆ ಮುಂದಿನಿಂದ ಬೆಳಕು ಬಿದ್ದರೆ ಅದು ಚಪ್ಪಟೆಯಾದ ಕಂದು ಮಚ್ಚೆಯಂತೆ ಕಾಣುತ್ತದೆ, ಕಿಟಕಿಯ ಪಕ್ಕದಲ್ಲಿಟ್ಟು ಒಂದು ಬದಿಯಿಂದ ಬೆಳಕು ಬೀಳುವಂತೆ ಮಾಡಿದರೆ ದುಂಡಗಿನ ಮೈಯೂ ಕೈ ಒದ್ದೆ ಮಾಡಿ ತಟ್ಟಿದ ನುಣುಪೂ ಕಾಣುತ್ತವೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯವರು ಬೆಳಕಿಲ್ಲವೆಂದು ಅಡುಗೆಮನೆಯ ದೀಪದಲ್ಲೇ ತೆಗೆದು ಎಲ್ಲವೂ ಹಳದಿಯಾಯಿತೆಂದು ಕೊರಗುತ್ತಾರೆ. ಮೋಡದ ದಿನದ ಕಿಟಕಿ ಬೆಳಕು ಆ ದೀಪಕ್ಕಿಂತ ಎಷ್ಟೋ ಮೇಲು, ಫೋನನ್ನು ಅಲುಗದಂತೆ ಡಬ್ಬಿಗೆ ಒರಗಿಸಿ ತೆಗೆದರಾಯಿತು.

ಅಕ್ಕಿ ಕಡುಬು ಬಿಳಿ ಇರುತ್ತಲ್ಲ, ಅದರ ಮೇಲೆ ಹಳದಿ ಅಕ್ಷರ ಹಾಕಬಹುದಾ?

ಬೇಡ. ಬಿಳಿಯ ಮೇಲೆ ಅಚ್ಚ ಹಳದಿಯ ಅಳತೆ 1.07, ಅಂದರೆ ಅಕ್ಷರ ಇಲ್ಲದಂತೆಯೇ. ಕಡುಬು, ಒತ್ತುಶಾವಿಗೆ, ಅಕ್ಕಿರೊಟ್ಟಿ ಇವುಗಳಿಗೆ ಕಪ್ಪು ಕಲ್ಲು ಅಥವಾ ಹಳೆಯ ಮರದ ಮಣೆಯನ್ನು ಹಿನ್ನೆಲೆ ಮಾಡಿಕೊಂಡು, ಬಿಳಿ ಅಕ್ಷರವನ್ನು ಆ ಕಪ್ಪು ಭಾಗದ ಮೇಲೆ ಬರೆಯಿರಿ. ಪದಾರ್ಥದ ಮೇಲೆ ಅಕ್ಷರ ಬರೆಯುವ ಅಗತ್ಯ ಬೀಳದಂತೆ ಫೋಟೊ ತೆಗೆಯುವಾಗಲೇ ಒಂದು ಬದಿ ಖಾಲಿ ಬಿಡುವುದು ಒಳ್ಳೆಯದು.

ಎಡಿಟ್ ಮಾಡುವಾಗ ಸಾರಿನ ಕೆಂಪು ಸ್ವಲ್ಪ ಏರಿಸಿದ್ರೆ ಅದೂ ಮೋಸ ಆಗುತ್ತಾ?

ಕ್ಯಾಮರಾ ಕಳೆದದ್ದನ್ನು ಮರಳಿ ತರುವುದು ಮೋಸವಲ್ಲ, ಅಡುಗೆಯಲ್ಲಿ ಇಲ್ಲದ್ದನ್ನು ಸೇರಿಸುವುದು ಮೋಸ. ಚಿತ್ರವನ್ನೂ ಸಾರಿನ ಬಟ್ಟಲನ್ನೂ ಅಕ್ಕಪಕ್ಕ ಇಟ್ಟು ನೋಡಿ, ಬಟ್ಟಲಿನಲ್ಲಿರುವಷ್ಟರವರೆಗೆ ಏರಿಸಿ ನಿಲ್ಲಿಸಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಸಾರಿಗೆ ತನ್ನದೇ ಕೆಂಪು ಇರುತ್ತದೆ. ಹಾಕದ ಸಾರನ್ನು ಕೆಂಪು ಮಾಡಿ ತೋರಿಸಿದರೆ ನಿಮ್ಮ ಅಳತೆಯಂತೆ ಮಾಡಿದವರ ಮನೆಯಲ್ಲಿ ಆ ಬಣ್ಣ ಬರುವುದಿಲ್ಲ, ಮತ್ತು ಅವರು ತಾವೇ ಎಲ್ಲೋ ತಪ್ಪಿದೆವೆಂದು ಖಾರ ಸುರಿಯುತ್ತಾರೆ. ಹೊರಗಿನಿಂದ ಅಂಟಿಸುವ ಹೊಗೆಯ ಚಿತ್ರವನ್ನೂ ನಾನು ಬಳಸುವುದಿಲ್ಲ, ಬಿಸಿ ಮುದ್ದೆಯ ಹಿಂದೆ ಕಡುಬಣ್ಣದ ಬಟ್ಟೆ ಹಿಡಿದರೆ ನಿಜವಾದ ಹಬೆಯೇ ಕಾಣುತ್ತದೆ.

## ಕುತೂಹಲ

ಕುತೂಹಲ ಹುಟ್ಟಿಸ್ಬೇಕು ಅಂದ್ರೆ ಸ್ವಲ್ಪ ಸುಳ್ಳು ಹೇಳ್ಲೇಬೇಕಲ್ವಾ ಅಣ್ಣಾ?

ಸುಳ್ಳಿಗೂ ಕುತೂಹಲಕ್ಕೂ ಸಂಬಂಧವಿಲ್ಲ. ನೋಡುವವರಿಗೆ ಅರ್ಧ ಗೊತ್ತಿದ್ದು ಇನ್ನರ್ಧ ಗೊತ್ತಿಲ್ಲದಾಗ ಕುತೂಹಲ ಹುಟ್ಟುತ್ತದೆ. ಮುದ್ದೆ ಮಾಡುವ ಯಾರಿಗಾದರೂ ಗಂಟು ಬರುವುದು ಗೊತ್ತು, ಅದು ಯಾವ ಹೊತ್ತಿನಲ್ಲಿ ಹುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. ಅಲ್ಲಿ ಕೈಯಿಟ್ಟರೆ ಸಾಕು. ಬಾಯಿ ತೆರೆದ ಮುಖ, ಬಾಣದ ಗುರುತು, “ನೋಡಿದರೆ ಶಾಕ್ ಆಗ್ತೀರಾ” ಎಂಬ ಬರಹ ಇವು ಯಾವ ಅಡುಗೆಗೂ ಅಂಟುತ್ತವೆ, ಆದ್ದರಿಂದ ಯಾವ ಅಡುಗೆಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಥಂಬ್‌ನೇಲ್ ನೋಡಿದವರ ಮನಸ್ಸಿನಲ್ಲಿ ಹುಟ್ಟುವ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದು, ಅದಕ್ಕೆ ವಿಡಿಯೋದಲ್ಲಿ ಎಷ್ಟನೇ ನಿಮಿಷಕ್ಕೆ ಉತ್ತರವಿದೆ ಎಂದು ಅದರ ಮುಂದೆ ಬರೆಯುತ್ತೇನೆ. ನಿಮಿಷ ಬರೆಯಲಾಗದಿದ್ದರೆ ಆ ಚಿತ್ರ ಮೊದಲ ಜರಡಿಯಲ್ಲೇ ಹೋಯಿತು. ಪ್ರಶ್ನೆಯನ್ನೇ ಬರೆಯಲಾಗದಿದ್ದರೆ ಚಿತ್ರ ಪ್ರಾಮಾಣಿಕವಾಗಿದ್ದರೂ ಕುತೂಹಲದ ಪಟ್ಟಿಯಲ್ಲಿ ಕೆಳಗಿರುತ್ತದೆ.

ಕಳಲೆ ಪಲ್ಯದ ವಿಡಿಯೋಗೆ “10 ನಿಮಿಷದಲ್ಲಿ ಕಳಲೆ” ಅಂತ ಹಾಕಿದ್ದೀನಿ. ಒಗ್ಗರಣೆಯಿಂದ ಇಳಿಸೋವರೆಗೆ 10 ನಿಮಿಷನೇ ಅಲ್ವಾ, ಸುಳ್ಳೇನಿದೆ?

ಮಲೆನಾಡಿನವರು ಇದನ್ನು ಓದಿ ನಕ್ಕು ಮುಂದೆ ಹೋಗುತ್ತಾರೆ, ಏಕೆಂದರೆ ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸಬೇಕೆಂದು ಅವರಿಗೆ ಗೊತ್ತು. ಗೊತ್ತಿಲ್ಲದವರು ಮಾರುಕಟ್ಟೆಯಿಂದ ತಂದ ಎಳೆ ಬಿದಿರನ್ನು ಅಂದೇ ಒಗ್ಗರಣೆಗೆ ಹಾಕಿಬಿಡಬಹುದು. ಹಸಿ ಕಳಲೆಯಲ್ಲಿ ದೇಹದೊಳಗೆ ಸಯನೈಡ್ ಉಂಟುಮಾಡುವ ಅಂಶವಿರುತ್ತದೆ, ನೆನೆಸಿ ನೀರು ಚೆಲ್ಲುವುದೂ ಚೆನ್ನಾಗಿ ಬೇಯಿಸುವುದೂ ಅದನ್ನು ಕಳೆಯುವುದಕ್ಕಾಗಿಯೇ. ಪದ ಪದ ಹಿಡಿದು ನೋಡಿದರೆ ನಿಮ್ಮ ಮಾತು ನಿಜವೇ ಇರಬಹುದು, ನೋಡುಗರು ಅದರಿಂದ ಏನು ತಿಳಿಯುತ್ತಾರೆ ಎಂಬುದು ಮಾತ್ರ ನಿಜವಲ್ಲ, ಮತ್ತು ನಾನು ಅಳೆಯುವುದು ಅದನ್ನೇ. ಅದೇ ಚಿತ್ರಕ್ಕೆ “3 ದಿನ ಏಕೆ?” ಎಂದು ಬರೆದು, ನೀರಿನಲ್ಲಿ ಮುಳುಗಿದ ಬಿಳಿ ಹೋಳುಗಳನ್ನು ತೋರಿಸಿ. ಅದು ಹೆಚ್ಚು ಸೆಳೆಯುತ್ತದೆ, ಯಾರಿಗೂ ಕೇಡಾಗುವುದಿಲ್ಲ.

ಯೂಟ್ಯೂಬ್ ನಿಯಮಗಳೂ ವಿಡಿಯೋದಲ್ಲಿ ಇಲ್ಲದ್ದನ್ನು ಇದೆಯೆಂದು ನಂಬಿಸುವ ಥಂಬ್‌ನೇಲನ್ನು ಒಪ್ಪುವುದಿಲ್ಲ. 2024ರ ಡಿಸೆಂಬರಿನಲ್ಲಿ ಭಾರತದಲ್ಲಿ ಇಂಥವುಗಳ ಮೇಲೆ ಕ್ರಮ ಬಿಗಿಗೊಳಿಸುವುದಾಗಿ ಅದು ಪ್ರಕಟಿಸಿತು. ಅದರ ಗಮನ ಮುಖ್ಯವಾಗಿ ಸುದ್ದಿ ವಿಡಿಯೋಗಳ ಮೇಲಿತ್ತು ಎಂಬುದೂ ನಿಜ.

ನೀವೇ ಒಂದು ವಿಡಿಯೋಗೆ ಹೇಗೆ ಆರಿಸಿದ್ರಿ ಅಂತ ಮೊದಲಿಂದ ಕೊನೆವರೆಗೆ ಹೇಳ್ತೀರಾ?

ಅತ್ತಿಗೆಯ ಗಂಟಿಲ್ಲದ ಮುದ್ದೆಯ ವಿಡಿಯೋವನ್ನೇ ತೆಗೆದುಕೊಳ್ಳೋಣ. ಕುದಿಯುವ ನೀರಿಗೆ ಹಿಟ್ಟು ಸುರಿದು, ಕೂಡಲೇ ತಿರುವದೆ, ನಡುವೆ ಕೋಲು ಚುಚ್ಚಿ ಹಿಟ್ಟಿನ ಮೂಲಕ ನೀರು ಉಕ್ಕುವಂತೆ ಬೇಯಲು ಬಿಟ್ಟು, ಆಮೇಲೆ ತೊಳಸುವುದೇ ಅದರ ತಿರುಳು. ನಮ್ಮ ಮುಂದೆ ನಾಲ್ಕು ಚಿತ್ರಗಳಿದ್ದವು.

ಮೊದಲನೆಯದರಲ್ಲಿ ಬಾಳೆ ಎಲೆಯ ಮೇಲೆ ಪೂರ್ತಿ ಊಟ, ಮುದ್ದೆ, ಅವರೆಕಾಳು ಸಾರು, ಈರುಳ್ಳಿ, ಉಪ್ಪಿನಕಾಯಿ, ಮೇಲೆ “ಹಾಸನ ಶೈಲಿಯ ರಾಗಿ ಮುದ್ದೆ, ಅವರೆಕಾಳು ಸಾರು” ಎಂದು ಕೆಂಪಿನಲ್ಲಿ. ಎರಡನೆಯದರಲ್ಲಿ ಎರಡೂ ಕೈಯಲ್ಲಿ ಹಿಡಿದ ನುಣುಪಾದ ಮುದ್ದೆ, “ಗಂಟಿಲ್ಲದ ಮುದ್ದೆ” ಎಂದು ಬಿಳಿಯಲ್ಲಿ. ಮೂರನೆಯದರಲ್ಲಿ ಮುರಿದ ಮುದ್ದೆ, ಒಳಗೆ ಬೇಯದ ಹಿಟ್ಟಿನ ತಿಳಿ ಬಣ್ಣದ ಗಂಟು, “ಗಂಟು ಏಕೆ?” ಎಂಬ ಬರಹ. ನಾಲ್ಕನೆಯದರಲ್ಲಿ ಕುಕ್ಕರಿನ ಪಕ್ಕದಲ್ಲಿ ಮುದ್ದೆ, “ಕುಕ್ಕರ್‌ನಲ್ಲೇ ಮುದ್ದೆ!”

ನಾಲ್ಕನೆಯದು ಅಣ್ಣನಿಗೆ ಬಹಳ ಹಿಡಿಸಿತ್ತು. ಆದರೆ ವಿಡಿಯೋದಲ್ಲಿ ಕುಕ್ಕರ್ ಬರುವುದು ಕೊನೆಯಲ್ಲಿ ಒಂದು ಮಾತಿನಲ್ಲಿ ಮಾತ್ರ, ಮಾಡಿ ತೋರಿಸಿಲ್ಲ. ಅದು ಹೊರಗಾಯಿತು. ಮೂರನೆಯದೂ ಮೊದಲ ಜರಡಿಯಲ್ಲಿ ಸಿಕ್ಕಿಬಿತ್ತು. ಆ ಗಂಟಿನ ಮುದ್ದೆಯನ್ನು ಫೋಟೊಗಾಗಿಯೇ, ಹಿಟ್ಟು ಸುರಿದ ಕೂಡಲೇ ತಿರುವಿ, ಬೇರೆಯಾಗಿ ಮಾಡಿದ್ದೆವು, ವಿಡಿಯೋದಲ್ಲಿ ಅದು ಇರಲೇ ಇಲ್ಲ. ಆ ಚಿತ್ರವನ್ನು ಬಿಡುವ ಬದಲು ವಿಡಿಯೋವನ್ನೇ ತಿದ್ದಿದೆವು. ಅವಸರದಲ್ಲಿ ತಿರುವಿದರೆ ಏನಾಗುತ್ತದೆಂದು ಅತ್ತಿಗೆ ಮತ್ತೊಮ್ಮೆ ಮಾಡಿ ತೋರಿಸಿದರು, ಆ ತುಣುಕು ಎರಡನೇ ನಿಮಿಷದೊಳಗೆ ಸೇರಿತು, ಮತ್ತು ಚಿತ್ರ ಕೇಳುವ ಪ್ರಶ್ನೆಗೆ ಉತ್ತರ ದೊರೆಯಿತು.

ಓದುವ ಪರೀಕ್ಷೆಗೆ ಚಿತ್ರಗಳನ್ನು 168 ಪಿಕ್ಸೆಲ್ಲಿಗೆ ಇಳಿಸಿ, ಪಕ್ಕದ ಮನೆಯ ಅಜ್ಜಿಗೆ ಒಂದೊಂದನ್ನು ಒಂದು ಕ್ಷಣ ತೋರಿಸಿ ಫೋನು ಮಗುಚಿದೆ. ಮೊದಲನೆಯದಕ್ಕೆ “ಊಟದೆಲೆ, ಏನೋ ಬರ್ದಿದೆ” ಎಂದರು. ಎರಡನೆಯದನ್ನು ಸರಿಯಾಗಿ ಓದಿದರು. ಮೂರನೆಯದನ್ನು ನೋಡಿ “ಗಂಡು ಏಕೆ ಅಂತ ಯಾಕಪ್ಪ ಬರ್ದಿದ್ದೀಯ?” ಎಂದು ಕೇಳಿದರು. ಕಪ್ಪು ಅಂಚು ದಪ್ಪವಾಗಿ ‘ಟು’ ಅಕ್ಷರವನ್ನು ನುಂಗಿತ್ತು. ಅಂಚನ್ನು ಪೂರ್ತಿ ತೆಗೆದು, ಅಕ್ಷರದ ಹಿಂದೆ ಕಡುಗಪ್ಪು ಪಟ್ಟಿ ಇಟ್ಟು, ಗಾತ್ರ ಹೆಚ್ಚಿಸಿದ ಮೇಲೆ ಬೇರೊಬ್ಬರಿಗೆ ತೋರಿಸಿದೆ. ಒಮ್ಮೆ ಓದಿದವರಿಗೇ ಮತ್ತೆ ತೋರಿಸಿದರೆ ಅವರು ನೆನಪಿನಿಂದ ಓದುತ್ತಾರೆ.

ಕಪ್ಪು ಬಿಳುಪಿನಲ್ಲಿ ಮೊದಲನೆಯದು ಪೂರ್ತಿ ಬೂದಾಯಿತು, ಕೆಂಪಕ್ಷರ ಸಾರಿನಲ್ಲಿ ಮುಳುಗಿತು. ಎರಡನೆಯದರಲ್ಲಿ ಕೈಯೂ ಮುದ್ದೆಯೂ ಹತ್ತಿರದ ಹೊಳಪಿನವಾದರೂ ಅಂಚು ಕಾಣುತ್ತಿತ್ತು. ಮೂರನೆಯದರಲ್ಲಿ ಕಡುಕಂದಿನ ನಡುವಿನ ತಿಳಿ ಗಂಟಿಗೇ ಕಣ್ಣು ಹೋಗುತ್ತಿತ್ತು.

ಹೀಗೆ ಮೂರನೆಯದು ಮೊದಲಾಯಿತು, ಎರಡನೆಯದು ಅದರ ನಂತರ, ಮೊದಲನೆಯದು ತಿದ್ದುಪಡಿಗೆ ಹೋಯಿತು. ಅತ್ತಿಗೆಗೆ ಒಂದು ಅಳುಕು ಉಳಿದಿತ್ತು, ಕೆಟ್ಟ ಮುದ್ದೆಯನ್ನು ಮುಂದಿಟ್ಟರೆ ಇವರಿಗೆ ಮಾಡಲೇ ಬರುವುದಿಲ್ಲ ಎಂದುಕೊಳ್ಳುತ್ತಾರೆಂದು. ಆ ಮಾತಿನಲ್ಲಿ ಹುರುಳಿತ್ತು, ಅಡುಗೆ ಚಾನೆಲ್ಲಿಗೆ ಬರುವವರು ಹಸಿವಿನಿಂದಲೂ ಬರುತ್ತಾರೆ. ಹಾಗಾಗಿ ಮುರಿದ ಮುದ್ದೆಯ ಹಿಂದೆ ನುಣುಪಾದ ಇಡೀ ಮುದ್ದೆಯೊಂದನ್ನು ಇಟ್ಟು ಮತ್ತೆ ಫೋಟೊ ತೆಗೆದೆವು.

## ಹಾಕಿದ ಮೇಲೆ

ಎರಡು ಥಂಬ್‌ನೇಲ್ ಹಾಕಿ ನೋಡ್ದೆ, ಒಂದಕ್ಕೆ 20 ಕ್ಲಿಕ್, ಇನ್ನೊಂದಕ್ಕೆ 26. ಎರಡನೇದೇ ಗೆದ್ದಿತು ಅಲ್ವಾ?

ಎರಡೂ 500 ಸಲ ಕಾಣಿಸಿಕೊಂಡು ಈ ಸಂಖ್ಯೆ ಬಂದಿದ್ದರೆ ಇನ್ನೂ ಹೇಳಲಾಗದು. ಇಷ್ಟು ಚಿಕ್ಕ ಎಣಿಕೆಯಲ್ಲಿ ಒಂದೇ ಚಿತ್ರವನ್ನು ಎರಡು ಬಾರಿ ಹಾಕಿದರೂ ಆರೇಳು ಕ್ಲಿಕ್ಕಿನ ವ್ಯತ್ಯಾಸ ತಾನಾಗಿ ಬರುತ್ತದೆ. ತಲಾ 5000 ಸಲ ಕಾಣಿಸಿಕೊಂಡು 200 ಮತ್ತು 260 ಬಂದಿದ್ದರೆ ನಂಬಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲಿ Test & Compare ಎಂಬ ಹೆಸರಿನಲ್ಲಿ ಬಂದ ಸೌಲಭ್ಯದಲ್ಲಿ ಮೂರು ಥಂಬ್‌ನೇಲ್‌ಗಳವರೆಗೆ ಹಾಕಿ, ಬೇರೆ ಬೇರೆ ನೋಡುಗರಿಗೆ ಒಂದೇ ಅವಧಿಯಲ್ಲಿ ತೋರಿಸಬಹುದು. ಅದು ಗೆಲುವನ್ನು ಕ್ಲಿಕ್ಕಿನಿಂದ ನಿರ್ಧರಿಸದೆ, ಜನ ಎಷ್ಟು ಹೊತ್ತು ನೋಡಿದರು ಎಂಬುದರಿಂದ ನಿರ್ಧರಿಸುತ್ತದೆ, ಆದ್ದರಿಂದ ಸುಳ್ಳು ಹೇಳಿ ಕ್ಲಿಕ್ ಗಳಿಸಿದ ಚಿತ್ರ ಅಲ್ಲಿ ಸುಲಭವಾಗಿ ಗೆಲ್ಲುವುದಿಲ್ಲ. ಚಿಕ್ಕ ಚಾನೆಲ್ಲುಗಳಿಗೆ ಫಲಿತಾಂಶ ಸ್ಪಷ್ಟವಾಗದೆ ಮುಗಿಯುವುದೂ ಉಂಟು, ಆಗ ಮೇಲಿನ ಜರಡಿಯ ಕ್ರಮವನ್ನೇ ಉಳಿಸಿಕೊಳ್ಳಿ.

ಕ್ಲಿಕ್ ಶೇಕಡಾವಾರು ಏರಿದೆ, ಆದ್ರೆ ಶುರುವಿನಲ್ಲೇ ಎಲ್ಲ ಬಿಟ್ಟು ಹೋಗ್ತಿದ್ದಾರೆ. ಥಂಬ್‌ನೇಲ್ ತಪ್ಪಾ, ವಿಡಿಯೋ ತಪ್ಪಾ?

ಎಷ್ಟು ಜನ ನೋಡುತ್ತಾ ಉಳಿದರೆಂದು ಸ್ಟುಡಿಯೋ ಒಂದು ಗೆರೆಯಲ್ಲಿ ತೋರಿಸುತ್ತದೆ, ಹಿಂದಿನ ವಿಡಿಯೋಗಳ ಮೊದಲ 30 ಸೆಕೆಂಡಿನ ಗೆರೆಯನ್ನು ಇದರ ಗೆರೆಯ ಜೊತೆ ಹೋಲಿಸಿ. ಎಲ್ಲದರಲ್ಲೂ ಅಷ್ಟೇ ಇಳಿದಿದ್ದರೆ ನಿಮ್ಮ ಪೀಠಿಕೆ ಉದ್ದವಾಯಿತು. ಇದೊಂದರಲ್ಲೇ ಕಡಿದಾಗಿ ಇಳಿದಿದ್ದರೆ ಚಿತ್ರ ನೋಡಿ ಬಂದವರಿಗೆ ಆ ಚಿತ್ರದ ವಸ್ತು ಸಿಗಲಿಲ್ಲ ಎಂದರ್ಥ. ಚಿತ್ರ ಸುಳ್ಳೇ ಆಗಿರಬೇಕೆಂದಿಲ್ಲ, ಉತ್ತರ ಎಂಟನೇ ನಿಮಿಷದಲ್ಲಿದ್ದರೂ ಹೀಗಾಗುತ್ತದೆ. ಥಂಬ್‌ನೇಲಿನಲ್ಲಿರುವ ಪಾತ್ರೆ ಅಥವಾ ಗಂಟು ಮೊದಲ ಅರ್ಧ ನಿಮಿಷದಲ್ಲೇ ಒಮ್ಮೆ ಕಾಣಿಸಿದರೆ, ಸರಿಯಾದ ಮನೆಗೇ ಬಂದೆವೆಂದು ನೋಡುಗರು ಕುಳಿತುಕೊಳ್ಳುತ್ತಾರೆ.

ಹಳೇ ವಿಡಿಯೋಗಳ ಥಂಬ್‌ನೇಲ್ ಈಗ ಬದಲಾಯಿಸಿದ್ರೆ ಪ್ರಯೋಜನ ಇದೆಯಾ?

ಇದೆ, ಆದರೆ ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ. ಈಗಲೂ ಹೆಚ್ಚು ಸಲ ಕಾಣಿಸಿಕೊಳ್ಳುತ್ತಿದ್ದು ಕ್ಲಿಕ್ ಕಡಿಮೆಯಿರುವ ಎರಡು ಮೂರನ್ನು ಆರಿಸಿ, ಬದಲಿಸಿದ ದಿನಾಂಕವನ್ನು ಬರೆದಿಡಿ, ಹಿಂದಿನ 28 ದಿನವನ್ನು ಮುಂದಿನ 28 ದಿನದೊಂದಿಗೆ ಹೋಲಿಸಿ. ಅವರೆಕಾಯಿಯ ಅಡುಗೆಗಳಿಗೆ ಮಾತ್ರ ಈ ಹೋಲಿಕೆ ನಡೆಯುವುದಿಲ್ಲ. ನವೆಂಬರಿನಲ್ಲಿ ಚಿತ್ರ ಬದಲಿಸಿ ಡಿಸೆಂಬರಿನಲ್ಲಿ ನೋಡಿದರೆ ಸಂಖ್ಯೆ ಏರಿಯೇ ಇರುತ್ತದೆ, ಅದನ್ನು ಏರಿಸಿದ್ದು ಸಂತೆಗೆ ಬಂದ ಸೊಗಡವರೆ. ಅಂಥವುಗಳನ್ನು ಹಿಂದಿನ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸಬೇಕು.